ತೂಕದ ಖಾತೆ

2013ರ ನವೆಂಬರ್. ದೀಪಾವಳಿ ಕಳೆದಿತ್ತು. ನಮ್ಮ ತಾಲೂಕಿನ ಚಿನ್ನ ಬೆಳ್ಳಿ ವರ್ತಕರ ಸಂಘದ ವಾರ್ಷಿಕ ಸಭೆಗೆ ಎಂದೂ ಬಾರದವರೂ ಆ ಸಲ ಬಂದಿದ್ದರು. ಮಲೆನಾಡಿನ ಅಡಿಕೆ ಊರು ನಮ್ಮದು. ದೊಡ್ಡ ಶೋರೂಮುಗಳಿಲ್ಲ. ಒಂದು ಕಿಲೋ, ಎರಡು ಕಿಲೋ ಬಂಗಾರ ಇಟ್ಟುಕೊಂಡು ತಲೆಮಾರಿನಿಂದ ಅದೇ ಗಿರಾಕಿಗಳ ಮನೆಯ ಮದುವೆ, ನಾಮಕರಣ ನೋಡಿಕೊಂಡು ಬಂದ ಅಂಗಡಿಗಳು. ಆ ವರ್ಷ ಇವುಗಳಲ್ಲಿ ಕೆಲವು ಬಾಗಿಲು ಹಾಕುವ ಹಂತಕ್ಕೆ ಬಂದಿದ್ದವು. ವಿಚಿತ್ರವೆಂದರೆ ವ್ಯಾಪಾರ ಕಡಿಮೆಯಾಗಿ ಅಲ್ಲ. ವ್ಯಾಪಾರ ಚೆನ್ನಾಗಿ ನಡೆದ ಅಂಗಡಿಗಳೇ ಹೆಚ್ಚು ಪೆಟ್ಟು ತಿಂದಿದ್ದವು.

ಆಗಿನ ನಮ್ಮ ಅಧ್ಯಕ್ಷರು ದೈವಜ್ಞರು, ವಯಸ್ಸು ಅರವತ್ತು ದಾಟಿತ್ತು. ಎಲ್ಲರೂ ಅವರನ್ನು ಶೇಟ್ರು ಎಂದೇ ಕರೆಯುತ್ತಿದ್ದೆವು. ಸಭೆಗಳಲ್ಲಿ ಸ್ವಾಗತ, ವಂದನೆಗೆ ಮೀರಿ ಮಾತಾಡಿದವರಲ್ಲ. ಅವತ್ತು ಮಾತ್ರ ಕಲ್ಯಾಣಮಂಟಪದ ಪಕ್ಕದ ಶಾಲೆಯಿಂದ ಒಂದು ಕರಿಹಲಗೆ ತರಿಸಿ ವೇದಿಕೆಯ ಮೇಲೆ ನಿಲ್ಲಿಸಿದ್ದರು. ಅಪ್ಪನಿಂದ ಅಂಗಡಿಯ ಗಲ್ಲಾಪೆಟ್ಟಿಗೆ ಆಗಷ್ಟೇ ನನ್ನ ಕೈಗೆ ಬಂದಿತ್ತು. ಸಂಘದ ಸಹಕಾರ್ಯದರ್ಶಿ ಎಂದು ಸಭೆಯ ನಡಾವಳಿ ಬರೆಯುವ ಕೆಲಸವೂ ನನ್ನದೇ. ಆ ಭಾಷಣ ಇವತ್ತಿಗೂ ನನಗೆ ಸಾಲು ಸಾಲಾಗಿ ನೆನಪಿರುವುದು ಬರೆದುಕೊಂಡದ್ದರಿಂದ ಮಾತ್ರವಲ್ಲ, ಅದರಂತೆ ಅಂಗಡಿ ನಡೆಸಿದ್ದರಿಂದ.

ಮೊದಲು ಅವರು ಎರಡು ತಾರೀಖು ಬರೆದರು: ಏಪ್ರಿಲ್ 16, ಆಗಸ್ಟ್ 28.

ಆ ವರ್ಷ ಯುಗಾದಿ ಏಪ್ರಿಲ್ 11ರ ಗುರುವಾರ. ಹಬ್ಬದ ಮಾರನೇ ದಿನವೇ ಹೊರದೇಶದ ಪೇಟೆಯಲ್ಲಿ ಬಂಗಾರ ಕುಸಿಯತೊಡಗಿತು. ಔನ್ಸಿಗೆ 1,560 ಡಾಲರ್ ಇದ್ದದ್ದು ಶನಿವಾರ, ಭಾನುವಾರ ಕಳೆದು ಸೋಮವಾರದ ವಹಿವಾಟು ಮುಗಿಯುವಾಗ 1,360ರ ಆಸುಪಾಸಿಗೆ ಬಂದು ನಿಂತಿತ್ತು. ಬಂಗಾರ ಏರುತ್ತದೆ, ನಿಲ್ಲುತ್ತದೆ, ಮತ್ತೆ ಏರುತ್ತದೆ ಎಂದಷ್ಟೇ ಹತ್ತು ಹನ್ನೆರಡು ವರ್ಷ ನೋಡಿದ್ದ ನಮಗೆ ಅದು ನಂಬುವ ಮಾತೇ ಆಗಿರಲಿಲ್ಲ. ಜನ ಅಂಗಡಿಗೆ ಮುಗಿಬಿದ್ದರು. ಮೇ 13ರ ಅಕ್ಷಯ ತೃತೀಯದ ತನಕವೂ ಆ ನೂಕುನುಗ್ಗಲು ಇಳಿಯಲಿಲ್ಲ. ಆಮೇಲೆ ರೂಪಾಯಿ ಜಾರತೊಡಗಿತು. ವರ್ಷದ ಆರಂಭದಲ್ಲಿ ಶೇಕಡ 4 ಇದ್ದ ಆಮದು ಸುಂಕ ಜನವರಿಯಲ್ಲಿ 6, ಜೂನ್‌ನಲ್ಲಿ 8, ಆಗಸ್ಟ್‌ನಲ್ಲಿ 10 ಆಯಿತು. ಆಗಸ್ಟ್ 28ರಂದು ಡಾಲರಿಗೆ 68 ರೂಪಾಯಿ 80 ಪೈಸೆಯವರೆಗೆ ಹೋಯಿತು. ಅದೇ ಹೊತ್ತಿಗೆ ಹತ್ತು ಗ್ರಾಮ್ ಬಂಗಾರ 34 ಸಾವಿರ ದಾಟಿತು.

ಶೇಟ್ರು ಹಲಗೆಯ ಮೇಲೆ ಲೆಕ್ಕ ಬಿಡಿಸಿದರು. ಔನ್ಸ್ ಎಂದರೆ 31.1 ಗ್ರಾಮ್. ಏಪ್ರಿಲ್ 16ಕ್ಕೆ ಔನ್ಸಿಗೆ 1,370 ಡಾಲರ್, ಡಾಲರಿಗೆ 54 ರೂಪಾಯಿ, ಸುಂಕ ಶೇಕಡ 6. ಗುಣಿಸಿ ಭಾಗಿಸಿದರೆ ಹತ್ತು ಗ್ರಾಮಿಗೆ 25,200. ಆಗಸ್ಟ್ 28ಕ್ಕೆ ಸುಮಾರು 1,415 ಡಾಲರ್, 68.80 ರೂಪಾಯಿ, ಸುಂಕ ಶೇಕಡ 10. ಬಂದದ್ದು 34,400. ಆಮೇಲೆ ಮೂರನೇ ಲೆಕ್ಕವೊಂದನ್ನು ಹಾಕಿದರು. ರೂಪಾಯಿ 54ರಲ್ಲೇ, ಸುಂಕ 6ರಲ್ಲೇ ನಿಂತು ಬಂಗಾರ ಮಾತ್ರ 1,415ಕ್ಕೆ ಏರಿದ್ದರೆ? 26,000.

"ನೋಡಿ, ಒಂಬತ್ತು ಸಾವಿರ ಏರಿದ್ದರಲ್ಲಿ ಬಂಗಾರ ಏರಿದ್ದು ಎಂಟು ನೂರು ರೂಪಾಯಿ. ಉಳಿದದ್ದು ಬಂಗಾರವೇ ಅಲ್ಲ. ಏಳು ಸಾವಿರ ನಮ್ಮ ರೂಪಾಯಿ, ಸಾವಿರದ ಚಿಲ್ಲರೆ ದೆಹಲಿಯ ಸುಂಕ. ಲಂಡನ್ನಿನಲ್ಲಿ ಏನಾಗುತ್ತದೆ, ರಿಸರ್ವ್ ಬ್ಯಾಂಕಿನಲ್ಲಿ ಏನಾಗುತ್ತದೆ, ಹಣಕಾಸು ಮಂತ್ರಿಗಳು ಏನು ಮಾಡುತ್ತಾರೆ, ಈ ಮೂರನ್ನೂ ಸರಿಯಾಗಿ ಹೇಳಬಲ್ಲವರು ಈ ಸಭೆಯಲ್ಲಿ ಯಾರಾದರೂ ಇದ್ದರೆ ಎದ್ದು ನಿಲ್ಲಿ. ಅಂಥವರು ಅಂಗಡಿ ಇಡಬೇಕಾಗಿಲ್ಲ. ಉಳಿದವರು ನನ್ನ ಮಾತು ಕೇಳಿ."

ಯಾರೂ ಏಳಲಿಲ್ಲ. ಅವರ ಉಳಿದ ಮಾತೆಲ್ಲ ಒಂದೇ ಕಡೆಗೆ ಹರಿಯಿತು. ದರ ಎತ್ತ ಹೋಗುತ್ತದೆ ಎಂಬ ಪ್ರಶ್ನೆಯನ್ನೇ ಅಂಗಡಿಯಿಂದ ಹೊರಗೆ ಹಾಕಬೇಕು. ಅದಕ್ಕಿರುವ ದಾರಿ ಗ್ರಾಮಿನಲ್ಲಿ ಲೆಕ್ಕ ಇಡುವುದು. ರೂಪಾಯಿ ಖಾತೆಯ ಪಕ್ಕದಲ್ಲಿ ತೂಕದ ಖಾತೆ ಇರಬೇಕು. ಬೆಳಗ್ಗೆ ಬಾಗಿಲು ತೆಗೆದಾಗ ಇದ್ದ ಶುದ್ಧ ಬಂಗಾರ ಎಷ್ಟು ಗ್ರಾಮ್, ಸಂಜೆ ಎಷ್ಟು, ಗಿರಾಕಿಗೆ ನಾವು ಕೊಡಬೇಕಾದ್ದು ಎಷ್ಟು, ಆಚಾರ್ರ ಕೈಯಲ್ಲಿ ಇರುವುದು ಎಷ್ಟು. ಇವತ್ತು ನೂರು ಗ್ರಾಮ್ ಮಾರಿದರೆ ಇವತ್ತೇ ನೂರು ಗ್ರಾಮ್ ಕೊಳ್ಳಬೇಕು. ನಾಳೆ ಇಳಿಯುತ್ತದೆ, ನಾಳೆ ತಗೊಳ್ಳೋಣ ಎಂದವನು ಆ ಕ್ಷಣದಿಂದ ವ್ಯಾಪಾರಿಯಲ್ಲ, ಜೂಜಿಗೆ ಕೂತವನು. "ಬಂಗಾರ ನಮಗೆ ಬಿತ್ತನೆ ಭತ್ತ ಇದ್ದ ಹಾಗೆ. ಪೇಟೆಯಲ್ಲಿ ಭತ್ತಕ್ಕೆ ಎಷ್ಟೇ ರೇಟು ಬರಲಿ, ಬೀಜದ ಮೂಟೆ ಬಿಚ್ಚಿದ ರೈತ ಮುಂದಿನ ಮಳೆಗಾಲಕ್ಕೆ ಏನು ಮಾಡುತ್ತಾನೆ?"

ಹೇಳುವುದಕ್ಕೆ ಸುಲಭ. ಎಲ್ಲಿ ತಪ್ಪುತ್ತದೆ ಎಂಬುದನ್ನು ಅವರು ಒಂದು ಲೆಕ್ಕದ ಮೂಲಕ ತೋರಿಸಿದರು. ಯಾವ ಅಂಗಡಿ ಎಂದು ಹೇಳಲಿಲ್ಲ. ಆದರೆ ಸಭೆಯಲ್ಲಿ ಕೆಲವರು ತಲೆ ತಗ್ಗಿಸಿದ್ದು ನನಗೆ ಕಂಡಿತು.

ಮೇ ತಿಂಗಳಲ್ಲಿ ಒಬ್ಬ ಗಿರಾಕಿ ಬರುತ್ತಾರೆ. ಶ್ರಾವಣದ ಕೊನೆಗೆ ಮಗಳ ಮದುವೆ. 80 ಗ್ರಾಮಿನ ಒಡವೆ ಆಗಬೇಕು. ಆಗ 22 ಕ್ಯಾರೆಟ್ಟಿಗೆ ಗ್ರಾಮಿಗೆ 2,450 ರೂಪಾಯಿ. ಒಟ್ಟು 1,96,000. ಗಿರಾಕಿ 40,000 ಮುಂಗಡ ಕೊಟ್ಟು, "ಇವತ್ತಿನ ರೇಟೇ ಬರೆದುಕೊಳ್ಳಿ ಸಾಹುಕಾರ್ರೆ" ಎನ್ನುತ್ತಾರೆ. ಅಂಗಡಿಯವರು ಬರೆದುಕೊಡುತ್ತಾರೆ. ಹಳೆಯ ಗಿರಾಕಿ, ಬೇಡ ಎನ್ನಲಾಗುವುದಿಲ್ಲ. ಆ 40,000 ರೂಪಾಯಿ ಅದೇ ವಾರ ಬೇರೆ ಯಾವುದೋ ಬಾಕಿಗೆ ಹೋಗುತ್ತದೆ. ಬಂಗಾರ ಕೊಳ್ಳುವುದು ಒಡವೆ ಮಾಡಿಸುವಾಗ ನೋಡಿಕೊಳ್ಳೋಣ ಎಂದು ಬಿಡುತ್ತಾರೆ. ಆಗಸ್ಟ್ ಕೊನೆಗೆ ಅದೇ 22 ಕ್ಯಾರೆಟ್ಟಿಗೆ ಗ್ರಾಮಿಗೆ 3,150. 80 ಗ್ರಾಮಿಗೆ 2,52,000 ಬೇಕು. ಗಿರಾಕಿ ಕೊಡುವುದು ಬರೆದ ದರಕ್ಕೆ. ವ್ಯತ್ಯಾಸ 56,000. ನೂರಕ್ಕೆ ಎಂಟರಂತೆ ಮಜೂರಿ ಹಿಡಿದರೂ ಸಿಗುವುದು 15,680. ಆಚಾರ್ರ ಕೂಲಿ ಕೊಡುವ ಮೊದಲೇ ಒಂದು ಆರ್ಡರಿನಲ್ಲಿ 40 ಸಾವಿರ ಹೋಯಿತು. ಅಂಥ ಹತ್ತು ಮದುವೆ ಒಪ್ಪಿಕೊಂಡ ಅಂಗಡಿಯ ಗತಿ ನೀವೇ ಊಹಿಸಿ.

"ಇಲ್ಲಿ ತಪ್ಪು ರೇಟು ಬರೆದುಕೊಟ್ಟದ್ದಲ್ಲ" ಎಂದರು ಶೇಟ್ರು. "40,000 ರೂಪಾಯಿಗೆ ಬರುವುದು 16 ಗ್ರಾಮ್. ಆ 16 ಗ್ರಾಮಿಗೆ ರೇಟು ಬರೆಯಿರಿ, ಧಾರಾಳವಾಗಿ ಬರೆಯಿರಿ. ಅವತ್ತೇ ಬೆಂಗಳೂರಿಗೆ ಫೋನು ಮಾಡಿ ಅಷ್ಟು ಬಂಗಾರ ತೆಗೆದಿಡಿ. ಉಳಿದ 64 ಗ್ರಾಮಿಗೆ ಒಡವೆ ಕೊಂಡೊಯ್ಯುವ ದಿನದ ರೇಟು. ಇಲ್ಲವೇ ಗಿರಾಕಿ ತಿಂಗಳಿಗಿಷ್ಟು ಕೊಟ್ಟರೆ, ಕೊಟ್ಟ ದಿನದ ರೇಟಿಗೆ ಅಷ್ಟಷ್ಟು ಗ್ರಾಮ್ ಅವರ ಹೆಸರಿಗೆ ಬರೆಯಿರಿ. ರಶೀದಿಯಲ್ಲಿ ರೂಪಾಯಿ ಬೇಡ, ಗ್ರಾಮ್ ಬರೆಯಿರಿ."

ನಮ್ಮೂರಿನ ಅಂಗಡಿಗಳೆಲ್ಲ ಗಟ್ಟಿ ತರುತ್ತಿದ್ದದ್ದು ಬೆಂಗಳೂರಿನ ನಗರ್ತಪೇಟೆಯಿಂದ. ಬೆಳಗ್ಗೆ ಫೋನಿನಲ್ಲಿ ದರ ಫಿಕ್ಸ್ ಮಾಡಿ, ಹಣ ಕಳಿಸಿ, ಮಾಲು ತರಿಸಿಕೊಳ್ಳುವ ರೂಢಿ. ಹದಿನೈದು ಇಪ್ಪತ್ತು ಗ್ರಾಮಿಗಾಗಿ ಫೋನು ಮಾಡಿದರೆ ಅವರು ಕೇಳುತ್ತಾರಾ ಎಂದು ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು. ಶೇಟ್ರ ಉತ್ತರ ಸರಳವಾಗಿತ್ತು. ಕೇಳುವುದಿಲ್ಲ, ಆದ್ದರಿಂದ ನಾಲ್ಕು ಅಂಗಡಿಯವರು ಸಂಜೆ ಒಟ್ಟುಗೂಡಿಸಿ ಒಂದೇ ಫೋನು ಮಾಡಿ. ಅದು ಆಮೇಲೆ ನಮ್ಮ ಬೀದಿಯಲ್ಲಿ ರೂಢಿಯೇ ಆಯಿತು. ಸಂಘದಿಂದ ನಮಗೆ ಸಿಕ್ಕ ಅತ್ಯಂತ ದೊಡ್ಡ ಉಪಕಾರ ಅದು ಎಂದು ನನ್ನ ಭಾವನೆ.

ಎರಡನೆಯದಾಗಿ ಅವರು ಬ್ಯಾಂಕಿನ ಸಾಲಕ್ಕೆ ಬಂದರು. ಇದನ್ನು ನಮ್ಮಲ್ಲಿ ಬಹಳ ಜನ ಯೋಚಿಸಿಯೇ ಇರಲಿಲ್ಲ. ಅಂಗಡಿಯ ಮಾಲಿನ ಮೇಲೆ ಬ್ಯಾಂಕು ಓವರ್‌ಡ್ರಾಫ್ಟ್ ಕೊಡುತ್ತದೆ. ಮಾಲಿನ ಬೆಲೆಯ ನೂರಕ್ಕೆ ಎಪ್ಪತ್ತೈದು ಎಂದಿಟ್ಟುಕೊಳ್ಳಿ. ಯುಗಾದಿಯ ದಿನ ಒಂದು ಕಿಲೋ ಬಂಗಾರ 29 ಲಕ್ಷ ಬಾಳುತ್ತಿತ್ತು, 21,75,000 ಸಾಲ ಎಳೆಯಬಹುದಿತ್ತು. ಮುಂದಿನ ವಾರ ಅದೇ ಕಿಲೋ 26 ಲಕ್ಷ. ಎಳೆಯಬಹುದಾದ ಮಿತಿ 19,50,000. ಬಂಗಾರ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ, ಆದರೆ ತಿಂಗಳ ಸ್ಟಾಕ್ ಸ್ಟೇಟ್‌ಮೆಂಟ್ ಕೊಟ್ಟ ಕೂಡಲೇ ಎರಡೂಕಾಲು ಲಕ್ಷ ಕಟ್ಟಿ ಎನ್ನುತ್ತದೆ ಬ್ಯಾಂಕು. ಕೇಳುವುದು ಯಾವಾಗ? ಜನ ಅಂಗಡಿಗೆ ಮುಗಿಬಿದ್ದಿರುವಾಗ, ಮಾಲು ತರಿಸಲು ನಮಗೆ ಹಣ ಬೇಕಾಗಿರುವಾಗ. ಆಗ ಅಂಗಡಿಯವರು ಒಡವೆಗಳನ್ನು ಮಾರಿ ಬ್ಯಾಂಕಿಗೆ ಕಟ್ಟಿದರು. ಮಾರಿದ ತೂಕವನ್ನು ಮತ್ತೆ ಕೊಳ್ಳಲಿಲ್ಲ. ಏಪ್ರಿಲ್‌ನ ತಳದ ದರಕ್ಕೆ ಹೊರಗೆ ಹೋದ ಆ ಗ್ರಾಮುಗಳನ್ನು ಆಗಸ್ಟಿನಲ್ಲಿ ತುದಿಯ ದರಕ್ಕೆ ತುಂಬಬೇಕಾಯಿತು. ವ್ಯಾಪಾರ ಹೆಚ್ಚಾದ ಅಂಗಡಿಗಳೇ ಹೆಚ್ಚು ಸೋತದ್ದು ಹೀಗೆ.

ಅಂಗಡಿಯ ಮೂಲಮಾಲು ಸ್ವಂತದ್ದಾಗಿರಬೇಕು, ಕಡಿಮೆಯಾದರೂ ಸರಿ. ಸಾಲ ಮಾಡುವುದಾದರೆ ಹಬ್ಬಕ್ಕೆ, ಮದುವೆ ತಿಂಗಳಿಗೆ ತಂದು ಅಲ್ಲೇ ತೀರಿಸಬೇಕು. ದೊಡ್ಡ ಅಂಗಡಿಯವರು ಬ್ಯಾಂಕಿನಿಂದ ಬಂಗಾರವನ್ನೇ ಸಾಲ ತರುತ್ತಾರೆ, ಬಂಗಾರದ ಲೆಕ್ಕದಲ್ಲೇ ತೀರಿಸುತ್ತಾರೆ. ದರ ಎತ್ತ ಹೋದರೂ ಅವರ ಮಾಲು, ಸಾಲ ಎರಡೂ ಒಟ್ಟಿಗೆ ಏರಿಳಿಯುತ್ತವೆ. ನಮ್ಮಂಥವರಿಗೆ ಅದು ಆಗ ಎಟುಕುತ್ತಿರಲಿಲ್ಲ.

ಎಂಸಿಎಕ್ಸ್‌ನ ವಿಚಾರವೂ ಬಂತು. ಅಲ್ಲಿ ನೂರು ಗ್ರಾಮಿನ ಗೋಲ್ಡ್ ಮಿನಿ ಇದೆ, ಎಂಟು ಗ್ರಾಮಿನ ಗಿನಿ ಇದೆ, ಅದನ್ನು ಮಾರಿಟ್ಟರೆ ಮಾಲಿಗೆ ರಕ್ಷಣೆ ಅಲ್ಲವೇ ಎಂದು ಓದಿಕೊಂಡ ಹುಡುಗರು ಕೇಳಿದರು. ಶೇಟ್ರು ಒಪ್ಪಿದರು, ಅರ್ಧಕ್ಕೆ ಮಾತ್ರ. ನೂರು ಗ್ರಾಮ್ ಅಲ್ಲಿ ಮಾರಿಟ್ಟಿದ್ದೀರಿ, ಹತ್ತು ಗ್ರಾಮಿಗೆ ಎಂಟು ಸಾವಿರ ಏರಿತು ಎಂದರೆ 80,000 ರೂಪಾಯಿಯನ್ನು ದಿನದಿನಕ್ಕೆ ನಗದಾಗಿ ಕಟ್ಟುತ್ತಾ ಹೋಗಬೇಕು. ನಿಮ್ಮ ಒಡವೆಯ ಬೆಲೆಯೂ ಅಷ್ಟೇ ಏರಿರುತ್ತದೆ, ನಿಜ. ಆದರೆ ಅದು ಶೋಕೇಸಿನಲ್ಲಿ ಸರವಾಗಿ ಕೂತಿರುತ್ತದೆ, ಬ್ರೋಕರಿಗೆ ಕಟ್ಟಲು ಬರುವುದಿಲ್ಲ. ಕೈಯಲ್ಲಿ ಬೇರೆ ಹಣವಿದ್ದವರು ಮಾಡಿ, ಇಲ್ಲದವರು ಅದರ ಹತ್ತಿರ ಹೋಗಬೇಡಿ ಎಂದರು. ಅವರು ಹೇಳಿದ್ದು ಆ ಕಾಲದ ನಮ್ಮೂರಿಗೆ ಸರಿಯಾಗಿತ್ತು ಎಂದು ನಾನು ಈಗಲೂ ನಂಬುತ್ತೇನೆ.

ನವೆಂಬರಿನ ಆ ಹೊತ್ತಿಗೆ ಇನ್ನೊಂದು ತೊಂದರೆ ಶುರುವಾಗಿತ್ತು. ಜುಲೈ 22ರಂದು ರಿಸರ್ವ್ ಬ್ಯಾಂಕು ಒಂದು ನಿಯಮ ತಂದಿತ್ತು. ಆಮದಾದ ಬಂಗಾರದಲ್ಲಿ ಐದನೇ ಒಂದು ಪಾಲನ್ನು ರಫ್ತಿಗೇ ಮೀಸಲಿಡಬೇಕು. 80:20 ಎಂದೇ ಅದು ಪೇಟೆಯಲ್ಲಿ ಹೆಸರಾಯಿತು. ಅದಕ್ಕೂ ಮೊದಲೇ ಅಖಿಲ ಭಾರತ ಮಟ್ಟದ ನಮ್ಮ ಒಕ್ಕೂಟ ಗಟ್ಟಿ, ನಾಣ್ಯ ಮಾರಬೇಡಿ ಎಂದು ಸದಸ್ಯರಿಗೆ ಕರೆ ಕೊಟ್ಟಿತ್ತು. ಹೊಸ ನಿಯಮದ ಗೊಂದಲದಲ್ಲಿ ಮಾಲು ಬರುವುದು ಬಹುಮಟ್ಟಿಗೆ ನಿಂತಿತು. ಬಂದ ಸ್ವಲ್ಪಕ್ಕೆ ಪ್ರೀಮಿಯಂ ಕಟ್ಟಬೇಕಾಯಿತು. ವರ್ಷದ ಕೊನೆಯ ತಿಂಗಳುಗಳಲ್ಲಿ ಅದು ಔನ್ಸಿಗೆ 100 ಡಾಲರ್ ಮೀರಿತು. ನಮ್ಮ ಲೆಕ್ಕದಲ್ಲಿ ಹತ್ತು ಗ್ರಾಮಿಗೆ ಎರಡು ಸಾವಿರ. ಟಿವಿಯಲ್ಲಿ ಹೊರದೇಶದ ದರ ಇಳಿದಿದೆ ಎಂದು ಬರುತ್ತದೆ, ಗಿರಾಕಿ ಅದನ್ನೇ ಹಿಡಿದು ಕೇಳುತ್ತಾರೆ. ಅವರು ಕೇಳಿದ ದರಕ್ಕೆ ನೂರು ಗ್ರಾಮ್ ಮಾರಿ ಬಂದ ಹಣದಲ್ಲಿ ನಗರ್ತಪೇಟೆಯಿಂದ ಕೊಂಡರೆ ಬರುವುದು ತೊಂಬತ್ತನಾಲ್ಕೋ ತೊಂಬತ್ತೈದೋ ಗ್ರಾಮ್. ರೂಪಾಯಿ ಖಾತೆ ಲಾಭ ತೋರಿಸುತ್ತಿರುತ್ತದೆ, ಪೆಟ್ಟಿಗೆ ಸವೆಯುತ್ತಿರುತ್ತದೆ. ತೂಕದ ಖಾತೆ ಇಲ್ಲದ ಅಂಗಡಿಗೆ ಇದು ಗೊತ್ತಾಗುವುದೇ ವರ್ಷದ ಕೊನೆಗೆ.

ಹೀಗಿರುವಾಗ ಮಾಲಿಗೆ ದಾರಿ ಯಾವುದು? ಹಳೆ ಬಂಗಾರ ಎಂದರು ಶೇಟ್ರು. ಭಾಷಣದಲ್ಲಿ ಅವರ ದನಿ ಏರಿದ್ದು, ಕೈ ಆಡಿದ್ದು ಇಲ್ಲೇ. ಒಡವೆ ಮಾಡುವ ಮನೆಯಲ್ಲಿ ಹುಟ್ಟಿದವರಲ್ಲವೇ! ಊರಿನ ಕಪಾಟುಗಳಲ್ಲಿ ಇರುವಷ್ಟು ಬಂಗಾರ ಯಾವ ಹಡಗಿನಲ್ಲೂ ಬರುವುದಿಲ್ಲ. ಗಿರಾಕಿ ಹಳೆಯದು ಕೊಟ್ಟು ಹೊಸದು ಒಯ್ದರೆ ಅಲ್ಲಿ ದರದ ಮಾತೇ ಇಲ್ಲ, ಗ್ರಾಮಿಗೆ ಗ್ರಾಮ್. ಏರಿಳಿತ ನಮ್ಮನ್ನೂ ಮುಟ್ಟುವುದಿಲ್ಲ, ಅವರನ್ನೂ ಮುಟ್ಟುವುದಿಲ್ಲ.

ಆದರೆ ಅಲ್ಲೊಂದು ಅಪಾಯವಿದೆ, ಅದು ದರದ್ದಲ್ಲ, ಟಚ್ಚಿನದು. ನಮ್ಮ ದೇಶದಲ್ಲಿ ಬಂಗಾರಕ್ಕೆ ಹಾಲ್‌ಮಾರ್ಕ್ ಬಂದದ್ದೇ 2000ರಲ್ಲಿ. ಅಜ್ಜಿಯ ಕಾಲದ ಸರದಲ್ಲಿ ಬೆಸುಗೆ ಎಷ್ಟಿದೆ, ಅರಗು ಎಷ್ಟಿದೆ ಹೊರಗಿನಿಂದ ತಿಳಿಯುವುದಿಲ್ಲ. 40 ಗ್ರಾಮಿನ ಸರ ಬಂತು ಎನ್ನಿ. ಟಚ್ 85 ಆದರೆ ಅದರಲ್ಲಿರುವ ಶುದ್ಧ ಬಂಗಾರ 34 ಗ್ರಾಮ್. ಅದಕ್ಕೆ ಬದಲಾಗಿ ಕೊಡಬಹುದಾದ 916 ಒಡವೆ 37 ಗ್ರಾಮ್. ಕಣ್ಣಂದಾಜಿನಲ್ಲಿ 90 ಟಚ್ ಎಂದು ಹಿಡಿದರೆ 39ಕ್ಕಿಂತ ಹೆಚ್ಚು ಕೊಡುತ್ತೀರಿ. ಎರಡು ಗ್ರಾಮ್ ಹೋಯಿತು, ಮಜೂರಿಯೂ ಅದರ ಜೊತೆಗೇ ಹೋಯಿತು. 80 ಎಂದು ಹಿಡಿದರೆ ಗಿರಾಕಿಯ ಎರಡು ಗ್ರಾಮ್ ನೀವು ತಿಂದಿರಿ. ಎರಡೂ ಕೂಡದು. ಶಿವಮೊಗ್ಗದಲ್ಲಿ ಟಚ್ ನೋಡುವ ಮೆಷಿನ್ ಇದೆಯಲ್ಲ ಎಂದು ಯಾರೋ ಅಂದರು. ಮೆಷಿನ್ ನೋಡುವುದು ಮೇಲಿನ ಪದರವನ್ನು ಎಂದರು ಶೇಟ್ರು. ಮೆರುಗು ಕೊಟ್ಟ ಒಡವೆಗೆ ಅದು ಹೆಚ್ಚು ಟಚ್ ತೋರಿಸುತ್ತದೆ, ಒಳಗಿನ ಬೆಸುಗೆ ಅದಕ್ಕೆ ಕಾಣುವುದಿಲ್ಲ. ಒರೆಗಲ್ಲೂ ಅಷ್ಟೇ. ಕರಗಿಸಿ, ಗಟ್ಟಿ ಮಾಡಿ, ಆಮೇಲೆ ನೋಡಬೇಕು. ಅದೂ ಗಿರಾಕಿಯ ಎದುರಿಗೇ. "ಅವರ ಅಜ್ಜಿಯ ಸರ ನಮ್ಮ ಮೂಸೆಯಲ್ಲಿ ಕರಗುವಾಗ ಅವರು ಪಕ್ಕದಲ್ಲಿ ನಿಂತಿರಬೇಕು. ಕರಗಿಸುವ ಮೊದಲಿನ ತೂಕ, ಕರಗಿಸಿದ ಮೇಲಿನ ತೂಕ, ಟಚ್ಚು, ಮೂರನ್ನೂ ಅವರ ಕೈಗೆ ಬರೆದುಕೊಡಿ."

ಆಮೇಲೆ ಒಂದು ಕಹಿ ವಿಷಯ. ಸುಂಕವೂ ಪ್ರೀಮಿಯಮ್ಮೂ ಸೇರಿ ನೂರಕ್ಕೆ ಹದಿನಾರು ಹದಿನೇಳರಷ್ಟು ಅಂತರ ಹುಟ್ಟಿದಾಗ ಕಳ್ಳಮಾಲು ಬಂದೇ ಬರುತ್ತದೆ. ಬಿಲ್ಲಿಲ್ಲದ ಬಿಸ್ಕತ್ತು ನಮ್ಮೂರಿನವರೆಗೂ ಬಂದಿತ್ತು. ಪಕ್ಕದ ಅಂಗಡಿಯವನು ಅದನ್ನು ತಂದು ಕಡಿಮೆಗೆ ಮಾರುತ್ತಿದ್ದರೆ ನಾವೇನು ಮಾಡಬೇಕು ಎಂದು ಒಬ್ಬರು ನೊಂದು ಕೇಳಿದರು. ಶೇಟ್ರು ತುಸು ಹೊತ್ತು ಸುಮ್ಮನಿದ್ದರು. "ಆ ಗಿರಾಕಿಯನ್ನು ಬಿಡಿ. ನಾನೂ ಬಿಟ್ಟಿದ್ದೇನೆ" ಎಂದಷ್ಟೇ ಹೇಳಿದರು. ಬಿಲ್ಲಿಲ್ಲದೆ ಕೊಂಡದ್ದನ್ನು ಬಿಲ್ಲಿಲ್ಲದೆಯೇ ಮಾರಬೇಕಾಗುತ್ತದೆ, ಅಲ್ಲಿಂದ ಮುಂದೆ ಅಂಗಡಿಯಲ್ಲಿ ಎರಡು ಪುಸ್ತಕ, ಯಾವುದು ನಿಜವಾದ ತೂಕ ಎಂದು ಕೊನೆಗೆ ಮಾಲೀಕನಿಗೇ ತಿಳಿಯದು ಎಂದು ವಿವರಿಸಿದರು.

ಭಾಷಣದ ಕೊನೆಯ ಭಾಗ ಅಕ್ಕಸಾಲಿಗರ ಕುರಿತಾಗಿತ್ತು. ಸಭೆಯಲ್ಲಿ ಆಚಾರ್ರು ಯಾರೂ ಇರಲಿಲ್ಲ, ಅದು ವರ್ತಕರ ಸಂಘ. ಆಗಸ್ಟ್, ಸೆಪ್ಟೆಂಬರಿನಲ್ಲಿ ಗಟ್ಟಿ ಬರದೆ ಅವರ ಕೈಗೆ ಕೆಲಸವೇ ಇರಲಿಲ್ಲ. ಕೆಲವರು ಕುಲುಮೆ ಮುಚ್ಚಿ ಅಡಿಕೆ ಸುಲಿಯಲು ಹೋಗುತ್ತಿದ್ದದ್ದು ನಮಗೆಲ್ಲ ಗೊತ್ತಿತ್ತು. ದರ ಏರಿದ ಕೂಡಲೇ ಅಂಗಡಿಯವರು ಮೊದಲು ಕೈಹಾಕಿದ್ದು ಅವರ ವೇಸ್ಟೇಜಿಗೆ. ನೂರು ಗ್ರಾಮಿನ ಕೆಲಸಕ್ಕೆ ಮೂರು ಗ್ರಾಮ್ ಬಿಡುತ್ತಿದ್ದವರು, ಈಗ ಗ್ರಾಮಿಗೆ ಮೂರು ಸಾವಿರವಾಯಿತಲ್ಲ ಎಂದು ಎರಡಕ್ಕೆ ಇಳಿಸಿದ್ದರು. "ಅರದಿಂದ ಉದುರುವ ಪುಡಿ ದರ ನೋಡಿಕೊಂಡು ಕಡಿಮೆ ಉದುರುತ್ತದೆಯೇ? ನಿಮ್ಮ ನಷ್ಟವನ್ನು ಅವರ ಪುಡಿಯಲ್ಲಿ ಹುಡುಕಬೇಡಿ" ಎಂದರು. ಗ್ರಾಮಿನಲ್ಲಿ ಲೆಕ್ಕ ಇಡುವುದು ನಮಗೆ ಎಷ್ಟು ನ್ಯಾಯವೋ ಅವರಿಗೂ ಅಷ್ಟೇ ನ್ಯಾಯ ಎಂಬುದು ಅವರ ವಾದ. ಹಳೆ ಬಂಗಾರ ಕರಗಿಸಿ ಮಾಡಿಸುವ ಕೆಲಸವನ್ನು ನಮ್ಮೂರಿನ ಆಚಾರ್ರಿಗೇ ಕೊಡಬೇಕು, ಹೊರಗಿನಿಂದ ಮೆಷಿನ್ ಚೈನು ತರಿಸುವುದನ್ನು ಆ ವರ್ಷವಾದರೂ ಕಡಿಮೆ ಮಾಡಬೇಕು ಎಂದು ಕೇಳಿಕೊಂಡರು. ಕೆಲವರು ಪಾಲಿಸಿದರು, ಕೆಲವರು ಇಲ್ಲ. ನಮ್ಮ ಬೀದಿಯ ಹಿಂದಿದ್ದ ಕುಲುಮೆಗಳಲ್ಲಿ ಎಷ್ಟೋ ಇವತ್ತು ಇಲ್ಲ. ಆ ಭಾಷಣದಲ್ಲಿ ಸೋತ ಮಾತು ಅದೊಂದೇ. ಅದರ ನೋವು ನನಗೆ ಇನ್ನೂ ಇದೆ.

80:20 ನಿಯಮ 2014ರ ನವೆಂಬರ್ ಕೊನೆಗೆ ಹೋಯಿತು. ದರದ ಹುಚ್ಚಾಟ ಹೋಗಲಿಲ್ಲ. 2024ರ ಜುಲೈ 23ರಂದು ಬಜೆಟ್ಟಿನಲ್ಲಿ ಸುಂಕವನ್ನು ಶೇಕಡ 15ರಿಂದ ಒಮ್ಮೆಗೇ 6ಕ್ಕೆ ಇಳಿಸಿದರು. ಹತ್ತು ಗ್ರಾಮಿಗೆ ನಾಲ್ಕು ಸಾವಿರದಷ್ಟು ಒಂದೇ ದಿನದಲ್ಲಿ ಬಿತ್ತು. ಎರಡು ಕಿಲೋ ಮಾಲಿಟ್ಟ ಅಂಗಡಿಗೆ ರೂಪಾಯಿ ಲೆಕ್ಕದಲ್ಲಿ ಎಂಟು ಲಕ್ಷ ನಷ್ಟ. ಅವತ್ತು ಸಂಜೆ ನಮ್ಮ ತೂಕದ ಖಾತೆಯಲ್ಲಿ ಒಂದು ಅಂಕಿಯೂ ಕದಲಲಿಲ್ಲ. ಮಾಲು ಸ್ವಂತದ್ದಾಗಿತ್ತು, ಬ್ಯಾಂಕಿಗೆ ಉತ್ತರ ಹೇಳಬೇಕಾಗಿರಲಿಲ್ಲ.

ತೊಡಕು ಬಂದದ್ದು ಶೇಟ್ರು ಎದುರಿಸದ ದಿಕ್ಕಿನಿಂದ. 2013ರಲ್ಲಿ ಅವರ ಮುಂದಿದ್ದದ್ದು ಏರಿದಾಗ ಹಳೆಯ ದರ ಕೇಳುವ ಗಿರಾಕಿ. ಈಗ ಬಂದವರು ಇಳಿದಾಗ ಹೊಸ ದರ ಕೇಳುವವರು. ಜುಲೈ ಮೊದಲಲ್ಲಿ ಮುಂಗಡ ಕೊಟ್ಟು ಗ್ರಾಮ್ ಬರೆಸಿಕೊಂಡಿದ್ದವರು ಬಜೆಟ್ಟಿನ ಮಾರನೇ ದಿನವೇ ರಶೀದಿ ಹಿಡಿದು ಬಂದರು. ಬರೆಸಿಕೊಂಡ ಗ್ರಾಮಿಗೆ ಹಳೆಯ ದರ, ಉಳಿದದ್ದಕ್ಕೆಲ್ಲ ಹೊಸ ದರ ಎಂದು ಹೇಳಿ, ಅವರ ಹೆಸರಿಗೆ ಬಂಗಾರ ಕೊಂಡ ದಿನದ ಬಿಲ್ಲನ್ನು ಮುಂದಿಟ್ಟೆ. ಹೆಚ್ಚಿನವರು ಬಿಲ್ಲಿನ ತಾರೀಖು ನೋಡಿ ಒಪ್ಪಿದರು. ಒಪ್ಪದ ಒಬ್ಬ ಹಿರಿಯರು ಮುಂಗಡ ವಾಪಸು ಕೇಳಿದರು. ಅವರ ಮನೆಯ ಮೂರು ಮದುವೆಗೆ ನಮ್ಮ ಅಂಗಡಿಯದೇ ಒಡವೆ. ಹಣ ಎಣಿಸಿ ಕೊಟ್ಟೆ. ಅವರಿಗಾಗಿ ತೆಗೆದಿಟ್ಟ ಬಂಗಾರವನ್ನು ಅವತ್ತಿನ ದರಕ್ಕೆ ಅಂಗಡಿಯ ಮಾಲಿಗೆ ಸೇರಿಸಿಕೊಂಡೆ. ಕೈಬಿಟ್ಟು ಹೋಗುವ ಗಿರಾಕಿಯನ್ನು ತೂಕದ ಖಾತೆ ಹಿಡಿದಿಡಲಾರದು. ಮುಂಗಡ ಎಷ್ಟು ದೊಡ್ಡದಿರಬೇಕು, ವಾಪಸು ಕೊಡುವಾಗ ದರದ ವ್ಯತ್ಯಾಸ ಯಾರ ತಲೆಗೆ, ಇದನ್ನು ರಶೀದಿಯಲ್ಲೇ ಅಚ್ಚು ಹಾಕಿಸಬೇಕೇ ಎಂಬ ಚರ್ಚೆ ಆ ವರ್ಷದ ಸಂಘದ ಸಭೆಯಲ್ಲಿ ಬಹಳ ಹೊತ್ತು ನಡೆಯಿತು. ಅಚ್ಚು ಹಾಕಿಸಬೇಕೆಂದು ನಾನು ಮಾತಾಡಿದೆ. ಬೀದಿಯ ಅರ್ಧ ಅಂಗಡಿಗಳು ಹಾಕಿಸಿವೆ. ಉಳಿದವರು ಹಳೆಯ ಗಿರಾಕಿಗೆ ಇದನ್ನು ಹೇಗೆ ತೋರಿಸುವುದು ಎಂದು ಇನ್ನೂ ಹಿಂಜರಿಯುತ್ತಿದ್ದಾರೆ.